ಗೇಟಿನ ಮೇಲೆ 'ಆಪರೇಟರ್ ಬೇಕಾಗಿದ್ದಾರೆ', ನನ್ನ ಅಂಗಡಿಯಲ್ಲಿ ಬಯೋಡಾಟಾ ಸಾಲು: ಇದು ಯಾವ ತರಹದ ನಿರುದ್ಯೋಗ?

ಝೆರಾಕ್ಸ್ ಅಕ್ಕ, ಉದ್ಯಮಬಾಗ
ಎಲ್ಲರಿಗೂ ನಮಸ್ಕಾರ. ಬೆಳಗಾವಿ ಉದ್ಯಮಬಾಗದ ಹತ್ತಿರ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ಶುರು ಮಾಡಿ 11 ವರ್ಷ ಆಯ್ತು. ದಿನಾ ಬೆಳಿಗ್ಗೆ ಬಯೋಡಾಟಾ ಮಾಡಿಸುವವರು ಬರುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಸಣ್ಣ ಸಣ್ಣ ಕಾರ್ಖಾನೆಗಳ ಸೂಪರ್‌ವೈಸರ್‌ಗಳು ಬಂದು 'ಬೇಕಾಗಿದ್ದಾರೆ' ಅಂತ ದೊಡ್ಡ ಅಕ್ಷರದಲ್ಲಿ ಹಾಳೆ ಪ್ರಿಂಟ್ ಹಾಕಿಸಿಕೊಂಡು ಹೋಗುತ್ತಾರೆ. ಅದೇ ಪ್ರಿಂಟರ್, ಅದೇ ಕಾಗದ.

ನನ್ನ ಮಗಳು ಈಗ ಪಿಯುಸಿ. ಅವಳ ಅರ್ಥಶಾಸ್ತ್ರದ ಪುಸ್ತಕದಲ್ಲಿ ನಿರುದ್ಯೋಗ ಮೂರು ತರಹ ಅಂತಿದೆ: ಘರ್ಷಣಾತ್ಮಕ, ರಚನಾತ್ಮಕ, ಆವರ್ತಕ. ಮೊನ್ನೆ ಅಂಗಡಿಯಲ್ಲಿ ಕೂತು, "ಅವ್ವಾ, ನಮ್ಮ ಅಂಗಡಿಗೆ ಬರುವವರು ಇದರಲ್ಲಿ ಯಾವುದು?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಕೆಲಸವೂ ಇದೆ, ಕೆಲಸ ಇಲ್ಲದವರೂ ಇದ್ದಾರೆ. ಇದು ಹೇಗೆ? ನಮ್ಮ ಮನೆಯವರ ಪ್ರಕಾರ "ಕೆಲಸ ಬೇಕಾದಷ್ಟಿದೆ, ಮಾಡುವವರಿಲ್ಲ". ನನಗೆ ಅದು ಒಪ್ಪಿಗೆ ಇಲ್ಲ.

ಪಿಡಿಓ ಕನಸು, ವಿಜಯಪುರ
ಸುಲಭ ಇದೆ ಅಕ್ಕಾ, ಬರೆದುಕೊಳ್ಳಿ. ಒಂದು ಕೆಲಸ ಬಿಟ್ಟು ಇನ್ನೊಂದು ಹುಡುಕುವ ನಡುವಿನ ದಿನಗಳು ಘರ್ಷಣಾತ್ಮಕ. ಮಷೀನ್ ಬಂದು ಕೆಲಸ ಹೋದರೆ ರಚನಾತ್ಮಕ. ವರ್ಷ ವರ್ಷ ಸುತ್ತಿ ಸುತ್ತಿ ಬರುವುದು ಆವರ್ತಕ, ಸಕ್ಕರೆ ಕಾರ್ಖಾನೆಯವರಿಗೆ ಬೇಸಿಗೆಯಲ್ಲಿ ಕೆಲಸ ಇರಲ್ಲ ನೋಡಿ, ಹಾಗೆ. 2 ಅಂಕದ ಪ್ರಶ್ನೆ.

ಬಾಯ್ಲರ್ ಮುಧೋಳ
ತಮ್ಮಾ, ಸಕ್ಕರೆ ಕಾರ್ಖಾನೆ ಸುದ್ದಿ ನನಗೆ ಬಿಡು. 19 ಸೀಸನ್ ಮಾಡಿದ್ದೇನೆ. ಮಳೆಗಾಲ ಮುಗಿದ ಮೇಲೆ ಬಾಯ್ಲರ್ ಹೊತ್ತಿಸುತ್ತೇವೆ, ಬೇಸಿಗೆ ಹೊತ್ತಿಗೆ ಕಬ್ಬು ಮುಗಿಯುತ್ತದೆ, ಮನೆಗೆ ಬರುತ್ತೇವೆ. ಯಾವಾಗ ಕೆಲಸ ನಿಲ್ಲುತ್ತದೆ, ಯಾವಾಗ ಕರೆಯುತ್ತಾರೆ ಅಂತ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಸೀಸನ್ ನೌಕರ ಅಂತ ಆಫ್ ಸೀಸನ್‌ನಲ್ಲಿ ಸ್ವಲ್ಪ ರಿಟೈನಿಂಗ್ ಅಲೋವನ್ಸ್ ಕೂಡ ಕೊಡುತ್ತಾರೆ. ಇದು ಋತುಮಾನದ್ದು. ಆವರ್ತಕ ಅಂದರೆ ಬೇರೆ ಇರಬೇಕಲ್ವಾ?

ಪಿಡಿಓ ಕನಸು, ವಿಜಯಪುರ
ಆವರ್ತ ಅಂದ್ರೇನೇ ಸುತ್ತು ಅಲ್ವಾ ಕಾಕಾ?

ಹಳೇ ಪರ್ಸನಲ್ ಡಿಪಾರ್ಟ್‌ಮೆಂಟ್
ಬಾಯ್ಲರ್ ಅಣ್ಣನವರು ಹೇಳಿದ್ದೇ ಸರಿ. ಆವರ್ತ ಅನ್ನುವುದು ಇಲ್ಲಿ ವ್ಯಾಪಾರದ ಏರಿಳಿತ. ಅದಕ್ಕೆ ಕ್ಯಾಲೆಂಡರ್ ಇಲ್ಲ. ಎಲ್ಲ ಕಡೆ ಒಟ್ಟಿಗೆ ಬೇಡಿಕೆ ಬಿದ್ದು, ಒಳ್ಳೆ ಕೆಲಸಗಾರನನ್ನೂ ಮನೆಗೆ ಕಳಿಸಬೇಕಾದ ಪರಿಸ್ಥಿತಿ ಅದು. ಮುಂದಿನ ಏರಿಕೆ 8 ತಿಂಗಳಿಗೆ ಬರುತ್ತೋ 3 ವರ್ಷಕ್ಕೋ, ಯಾರಿಗೂ ಗೊತ್ತಿರುವುದಿಲ್ಲ.

ನಾನು ಒಂದು ಫೌಂಡ್ರಿಯಲ್ಲಿ 27 ವರ್ಷ ಜನರನ್ನು ತೆಗೆದುಕೊಳ್ಳುವ, ತೆಗೆದುಹಾಕುವ ಕೆಲಸ ಮಾಡಿ ನಿವೃತ್ತನಾದವನು. ಅಕ್ಕಾ, ನಿಮ್ಮ ಮಗಳ ಪ್ರಶ್ನೆ ತುಂಬಾ ಚೆನ್ನಾಗಿದೆ. ಆದರೆ ಒಬ್ಬನ ಮುಖ ನೋಡಿ ಅವನದು ಯಾವ ನಿರುದ್ಯೋಗ ಅಂತ ಹೇಳೋಕಾಗಲ್ಲ. ಕೌಂಟರಿನ ಎರಡೂ ಕಡೆ ಎಣಿಸಬೇಕು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ವಿಲಿಯಂ ಬೆವರಿಜ್ 1944ರಲ್ಲಿ ಬರೆದಾಗ ಖಾಲಿ ಹುದ್ದೆ ಎಷ್ಟು, ಖಾಲಿ ಕೈ ಎಷ್ಟು ಅಂತ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ. ನಿಮ್ಮ ಹತ್ತಿರ ಎರಡೂ ಕಂಪ್ಯೂಟರಿನಲ್ಲೇ ಇವೆ. ಕಳೆದ ತಿಂಗಳ ಬಯೋಡಾಟಾ ಎಷ್ಟು, 'ಬೇಕಾಗಿದ್ದಾರೆ' ಹಾಳೆಗಳಲ್ಲಿ ಒಟ್ಟು ಹುದ್ದೆ ಎಷ್ಟು, ಎಣಿಸಿ ಹೇಳುತ್ತೀರಾ? ಯಾವ ಕೆಲಸಕ್ಕೆ ಅಂತಲೂ ಬೇರ್ಪಡಿಸಿ. ಹಳೇ ಫೈಲ್ ಇದ್ದರೆ 2019ರದ್ದೂ ನೋಡಿ.

ಸುಮ್ನೆ ಓದುಗ
ಕೆಲಸ ಇಲ್ಲ ಅಂದ್ರೆ ಇಲ್ಲ. ಹೆಸರಿಟ್ಟರೆ ಸಂಬಳ ಬರುತ್ತಾ?

ಬಾಯ್ಲರ್ ಮುಧೋಳ
ಜ್ವರ ಬಂದಾಗ ಡಾಕ್ಟರು ರಕ್ತ ಯಾಕೆ ತೆಗೆಯುತ್ತಾರಪ್ಪಾ? ಮಲೇರಿಯಾಕ್ಕೆ ಟೈಫಾಯಿಡ್ ಗುಳಿಗೆ ಕೊಟ್ಟರೆ ನಡೆಯುತ್ತಾ?

ಝೆರಾಕ್ಸ್ ಅಕ್ಕ, ಉದ್ಯಮಬಾಗ
ಎರಡು ರಾತ್ರಿ ಕೂತು ನಾನು, ಮಗಳು ಎಣಿಸಿದೆವು. ಹುಳಿ ಸಾರು ಸೀದು ಹೋಯಿತು, ಅದು ಬೇರೆ ಮಾತು.

ಕಳೆದ ತಿಂಗಳು ಬಯೋಡಾಟಾ 71. ಅದರಲ್ಲಿ 22 ಜನ ಈಗ ಕೆಲಸದಲ್ಲೇ ಇರುವವರು, ಇಲ್ಲವೇ ಇತ್ತೀಚೆಗೆ ಬಿಟ್ಟವರು. ಹೆಚ್ಚಿನವರು ಸಿಎನ್‌ಸಿ, ವಿಎಂಸಿ ಅನ್ನುವ ಕಂಪ್ಯೂಟರ್ ಚಾಲಿತ ಯಂತ್ರಗಳ ಆಪರೇಟರ್‌ಗಳು, ಕೆಲವರು ಇನ್ಸ್‌ಪೆಕ್ಷನ್‌ನವರು. 29 ಜನ ಈಗಷ್ಟೇ ಐಟಿಐ, ಡಿಪ್ಲೊಮಾ, ಡಿಗ್ರಿ ಮುಗಿಸಿದವರು. ಉಳಿದ 20 ಜನ 40 ದಾಟಿದವರು. ಮರಳಿನ ಅಚ್ಚು ಮಾಡುವ ಕೈ ಮೋಲ್ಡಿಂಗ್, ಎರಕ ಉಜ್ಜಿ ಸರಿ ಮಾಡುವ ಫೆಟ್ಲಿಂಗ್, ಹಳೇ ಲೇಥ್ ಮಾಡಿದವರು.

ಹಾಳೆಗಳಲ್ಲಿದ್ದ ಹುದ್ದೆ 38. ಸಿಎನ್‌ಸಿ, ವಿಎಂಸಿಗೆ 17, ಎಲ್ಲಕ್ಕೂ ಅನುಭವ ಬೇಕು. ಇನ್ಸ್‌ಪೆಕ್ಷನ್‌ಗೆ 6, ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್ 5, ಹೆಲ್ಪರ್ 10. ಹೆಲ್ಪರ್ ಹಾಳೆಯಲ್ಲಿ '30 ವರ್ಷದ ಒಳಗಿನವರು' ಅಂತ ಇತ್ತು.

2019ರ ಸೆಪ್ಟೆಂಬರ್ ಫೋಲ್ಡರ್ ಸಿಕ್ಕಿತು. ಬಯೋಡಾಟಾ 94. ಹುದ್ದೆ 3! ಮೂರೂ ಸೆಕ್ಯುರಿಟಿ ಗಾರ್ಡ್.

ಹಳೇ ಪರ್ಸನಲ್ ಡಿಪಾರ್ಟ್‌ಮೆಂಟ್
ಅಕ್ಕಾ, ಇದಕ್ಕಿಂತ ಒಳ್ಳೆ ಪಾಠ ಪುಸ್ತಕದಲ್ಲಿ ಸಿಗಲ್ಲ.

ಮೊದಲು 2019 ನೋಡೋಣ. 94 ಕೈ, 3 ಹುದ್ದೆ. ಅದರಲ್ಲೂ ಯಂತ್ರದ ಕೆಲಸ ಒಂದೂ ಇಲ್ಲ. ವಿಎಂಸಿ ಬರುವವನಿಗೂ ಕೆಲಸ ಇಲ್ಲ, ಮೋಲ್ಡರ್‌ಗೂ ಇಲ್ಲ. ಎಲ್ಲ ಕಸುಬಿನಲ್ಲೂ ಒಟ್ಟಿಗೆ ಗೇಟು ಮುಚ್ಚಿತು ಅಂದರೆ ತಪ್ಪು ಕೆಲಸಗಾರನ ಕೈಯಲ್ಲಿಲ್ಲ, ಆರ್ಡರ್ ಇಲ್ಲ. ಇದು ಆವರ್ತಕ. ಆಗ ನಾನಿನ್ನೂ ಕೆಲಸದಲ್ಲಿದ್ದೆ. ನಮ್ಮದು ಲಾರಿಯ ಭಾಗಗಳ ಎರಕ. 2018ರ ಕೊನೆಯಿಂದ ಫೈನಾನ್ಸ್ ಕಂಪನಿಗಳು ಸಾಲ ಬಿಗಿ ಮಾಡಿದ್ದವು, ಲಾರಿ ಕೊಳ್ಳುವವರು ಕಡಿಮೆಯಾದರು. ಮೂರು ಶಿಫ್ಟ್ ಇದ್ದದ್ದು ಒಂದಾಯಿತು.

ಈಗ ಕಳೆದ ತಿಂಗಳು. 22 ಜನ ಕೆಲಸ ಬದಲಿಸುವವರು, ಅವರಿಗೆ ಸರಿಹೊಂದುವ ಹುದ್ದೆ 17 ಮತ್ತು 6 ಸೇರಿ 23. ಹೆಚ್ಚುಕಡಿಮೆ ಸಮ. ಕೈಯೂ ಇದೆ, ಕೆಲಸವೂ ಇದೆ, ಒಬ್ಬರಿಗೊಬ್ಬರು ಸಿಕ್ಕಿಲ್ಲ ಅಷ್ಟೇ. ಸಂಬಳ ಕೇಳಬೇಕು, ಮಚ್ಛೆಗೆ ಹೋಗುವ ಬಸ್ ನೋಡಬೇಕು, ಮಾಲೀಕ ನಾಲ್ಕು ಜನರನ್ನು ಮಷೀನ್ ಮುಂದೆ ನಿಲ್ಲಿಸಿ ನೋಡಬೇಕು. ಅದಕ್ಕೆ ಎರಡು ಮೂರು ವಾರ ಬೇಕು. ಇದು ಘರ್ಷಣಾತ್ಮಕ. ಊರು ಎಷ್ಟು ಚೆನ್ನಾಗಿ ನಡೆದರೂ ಇದು ಸೊನ್ನೆ ಆಗಲ್ಲ, ಆಗಬೇಕಾಗಿಯೂ ಇಲ್ಲ.

ಕೊನೆಯ 20 ಜನರನ್ನು ನೋಡಿ. 38 ಹುದ್ದೆಯಲ್ಲಿ ಅವರ ಕಸುಬಿನ ಹೆಸರೇ ಇಲ್ಲ. ಮೂರು ವಾರ ಅಲ್ಲ, ಮೂರು ವರ್ಷ ಓಡಾಡಿದರೂ ಸಿಗಲ್ಲ. ಇದು ರಚನಾತ್ಮಕ.

ಪಿಡಿಓ ಕನಸು, ವಿಜಯಪುರ
ಸರ್, ಆದರೆ 71ರಲ್ಲಿ 38 ಕಳೆದರೆ 33 ಉಳಿಯಿತು. ಎಲ್ಲ ಹುದ್ದೆ ತುಂಬಿದರೂ 33 ಜನ ಹೊರಗೆ. ಅಂದರೆ ಈಗಲೂ ಆವರ್ತಕ ಇದೆ ಅಂತ ಆಯ್ತಲ್ಲ?

ಹಳೇ ಪರ್ಸನಲ್ ಡಿಪಾರ್ಟ್‌ಮೆಂಟ್
ಒಳ್ಳೆ ಪ್ರಶ್ನೆ. ಆದರೆ ಹಾಗೆ ನೇರ ಕಳೆಯಬಾರದು. ದೊಡ್ಡ ಕಾರ್ಖಾನೆ ಅಕ್ಕನ ಅಂಗಡಿಗೆ ಬರಲ್ಲ. ಅರ್ಧ ಹುದ್ದೆಗಳು ಕಂಟ್ರಾಕ್ಟರ್ ಫೋನಿನಲ್ಲೇ ತುಂಬಿಹೋಗುತ್ತವೆ. ಬಯೋಡಾಟಾ ಮಾತ್ರ ಎಲ್ಲರಿಗೂ ಬೇಕು. ಹಾಗಾಗಿ ಒಂದು ತಿಂಗಳ ಲೆಕ್ಕ ಇಟ್ಟುಕೊಂಡು ಏನೂ ಹೇಳೋಕಾಗಲ್ಲ. ಅದೇ ಅಂಗಡಿಯ ಹಿಂದಿನ ಲೆಕ್ಕದ ಜೊತೆ ಹೋಲಿಸಬೇಕು. 3 ಇದ್ದ ಹುದ್ದೆ 38 ಆಗಿದೆ. ಮಂದಿ ಅಷ್ಟಾಗಿ ಕಡಿಮೆಯಾಗಿಲ್ಲ. ಹುದ್ದೆ ಏರಿದರೂ ಖಾಲಿ ಕೈ ಇಳಿಯದಿದ್ದರೆ ಕೈಗೂ ಕೆಲಸಕ್ಕೂ ಜೋಡಿ ಕೂಡುತ್ತಿಲ್ಲ ಅಂತ ಅನುಮಾನ ಪಡಬೇಕು.

ಅನಗೋಳದ ಹುಡುಗ
ಆ 20ರಲ್ಲಿ ನಮ್ಮ ಮಾಮಾ ಒಬ್ಬ ಇರಬಹುದು. ಸರ್, ಅವನ ಕಥೆ ಕೇಳಿ, ಇದು ಯಾವ ಡಬ್ಬಿಗೆ ಹೋಗುತ್ತೆ ಹೇಳಿ.

ಮಾಮಾ 22 ವರ್ಷ ಕೈ ಮೋಲ್ಡಿಂಗ್ ಮಾಡಿದವನು. ಮರಳನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದು, ಆಮೇಲೆ ಎರಡು ತುಂಡು ಮಾಡಿ ನೋಡುತ್ತಿದ್ದ. ಮುರಿದ ಅಂಚು ಚೂಪಾಗಿ ನಿಂತರೆ ಮರಳು ಸರಿ ಇದೆ. ಪುಡಿ ಉದುರಿದರೆ ನೀರು ಕಡಿಮೆ. ಅಂಗೈಗೆ ಅಂಟಿದರೆ ಜಾಸ್ತಿ, ಎರಕದಲ್ಲಿ ಗಾಳಿಗುಳ್ಳೆ ಬರುತ್ತೆ. ಅವನು ಬೇಡ ಅಂದ ಮರಳಿನಲ್ಲಿ ಯಾರೂ ಮೋಲ್ಡ್ ಮಾಡುತ್ತಿರಲಿಲ್ಲ.

2019ರ ಆಗಸ್ಟಿನಲ್ಲಿ "ಆರ್ಡರ್ ಇಲ್ಲ, ಬಂದ ಮೇಲೆ ಕರೆಯುತ್ತೇವೆ" ಅಂತ ಕಳಿಸಿದರು. ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಆರ್ಡರ್ ಇರಲಿಲ್ಲ. ಆಮೇಲೆ ಕೊರೊನಾ ಬಂತು. 2021ರ ಕೊನೆಗೆ ಅದೇ ಫೌಂಡ್ರಿಯಲ್ಲಿ ಮತ್ತೆ ಎರಡು ಶಿಫ್ಟ್ ಶುರುವಾಯಿತು. ಮಾಮಾ ಹೊಸ ಚಪ್ಪಲಿ ತಗೊಂಡು ಗೇಟಿಗೆ ಹೋದ. ಒಳಗೆ ಮೋಲ್ಡಿಂಗ್ ಲೈನ್ ಹಾಕಿದ್ದರು. ಬಟನ್ ಒತ್ತಲು ಇಬ್ಬರು ಐಟಿಐ ಹುಡುಗರು. ಕರೆಯುತ್ತೇವೆ ಅಂದಿದ್ದ ಸೂಪರ್‌ವೈಸರ್ ಕೂಡ ಕೆಲಸ ಬಿಟ್ಟಿದ್ದ. ಈಗ ಮಾಮಾ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುತ್ತಾನೆ.

ಝೆರಾಕ್ಸ್ ಅಕ್ಕ, ಉದ್ಯಮಬಾಗ
ಅಯ್ಯೋ. ಹೊಸ ಚಪ್ಪಲಿ ಅಂದದ್ದು ಓದಿ ಒಂಥರಾ ಆಯ್ತು.

ಹಳೇ ಪರ್ಸನಲ್ ಡಿಪಾರ್ಟ್‌ಮೆಂಟ್
ನಿಮ್ಮ ಮಾಮಾ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಹೋದವರು. 2019ರಲ್ಲಿ ಅವರ ಕೈಯಲ್ಲಿ ಕೊರತೆ ಇರಲಿಲ್ಲ, ಅದು ಶುದ್ಧ ಆವರ್ತಕ. ಕಾಯುವ ಎರಡು ವರ್ಷದಲ್ಲಿ ಕೆಲಸದ ರೂಪವೇ ಬದಲಾಗಿ ಅದು ರಚನಾತ್ಮಕ ಆಯಿತು. ಮಂದಗತಿ ಉದ್ದವಾದಷ್ಟೂ ಹೀಗಾಗುತ್ತದೆ. ಕೈಗೆ ಅಭ್ಯಾಸ ತಪ್ಪುತ್ತದೆ, ಗುರುತಿನವರು ಚದುರುತ್ತಾರೆ, ಮಾಲೀಕ ಖಾಲಿ ಹೊತ್ತಿನಲ್ಲಿ ಹೊಸ ಯಂತ್ರ ತರುತ್ತಾನೆ. ಯುರೋಪಿನಲ್ಲಿ ಆರ್ಡರ್ ವಾಪಸ್ ಬಂದರೂ ನಿರುದ್ಯೋಗ ಇಳಿಯದೆ ನಿಂತಾಗ, 1986ರಲ್ಲಿ ಬ್ಲಾಂಚಾರ್ಡ್ ಮತ್ತು ಸಮ್ಮರ್ಸ್ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನೇ ಎತ್ತಿ ತೋರಿಸಿದರು.

ಔಷಧಿಯೂ ಅದಕ್ಕೇ ಬೇರೆ ಬೇರೆ. 2019ರಲ್ಲಿ ಮಾಮಾಗೆ ಸಿಎನ್‌ಸಿ ತರಬೇತಿ ಕೊಟ್ಟಿದ್ದರೂ ಆ ಸೆಪ್ಟೆಂಬರಿನಲ್ಲಿ ಪ್ರಯೋಜನ ಇರಲಿಲ್ಲ, ಸಿಎನ್‌ಸಿ ಆಪರೇಟರ್‌ಗಳೇ ಸಾಲಿನಲ್ಲಿ ನಿಂತಿದ್ದರು. ಆಗ ಬೇಕಿದ್ದದ್ದು ಆರ್ಡರ್. 2021ರಲ್ಲಿ ಆರ್ಡರ್ ಬಂತು, ಆಗ ಬೇಕಿದ್ದದ್ದು ತರಬೇತಿ.

ಗೇಟ್ ಮೀಟಿಂಗ್
ಕ್ಷಮಿಸಿ ಸರ್, ನೀವು ಮ್ಯಾನೇಜ್‌ಮೆಂಟ್ ಕಡೆಯವರು, ಅದಕ್ಕೇ ಎಲ್ಲಾ ಚೆನ್ನಾಗಿ ಕಾಣುತ್ತೆ. 'ಸ್ಕಿಲ್ ಇರುವವರು ಸಿಗುತ್ತಿಲ್ಲ' ಅನ್ನೋದು 10 ವರ್ಷದಿಂದ ಕೇಳುತ್ತಿರುವ ನೆಪ. ಅಕ್ಕಾ, ಆ ವಿಎಂಸಿ ಹಾಳೆಗಳಲ್ಲಿ ಸಂಬಳ ಎಷ್ಟು ಬರೆದಿತ್ತು ಅಂತ ಹೇಳಿ.

ಝೆರಾಕ್ಸ್ ಅಕ್ಕ, ಉದ್ಯಮಬಾಗ
ಹೆಚ್ಚಿನದರಲ್ಲಿ ಬರೆದೇ ಇಲ್ಲ. ಬರೆದಿದ್ದ ನಾಲ್ಕರಲ್ಲಿ 15 ಸಾವಿರದ ಆಸುಪಾಸು, 12 ತಾಸು. ಒಂದು ಹಾಳೆಯನ್ನು ಮೂರು ತಿಂಗಳಿಂದ ತಿಂಗಳಿಗೊಮ್ಮೆ ಪ್ರಿಂಟ್ ಹಾಕುತ್ತಿದ್ದೇನೆ.

ಗೇಟ್ ಮೀಟಿಂಗ್
ನೋಡಿ! ಮೂರು ತಿಂಗಳಿಂದ ಖಾಲಿ ಇರುವ ಹುದ್ದೆಗೆ ಒಂದು ರೂಪಾಯಿ ಏರಿಸಿಲ್ಲ. ಈರುಳ್ಳಿ ಸಿಗದಿದ್ದರೆ ರೇಟು ಏರುತ್ತೆ. ಆಪರೇಟರ್ ಸಿಗದಿದ್ದರೆ ಯಾಕೆ ಏರಲ್ಲ? ಕೊರತೆ ಇರುವುದು ಸ್ಕಿಲ್‌ದಲ್ಲ, ಸಂಬಳದ್ದು.

ಎರಡು ವಿಎಂಸಿ ಮಾಲೀಕ
ಆ ಹಾಳೆ ನನ್ನದೇ ಇರಬಹುದು, ಅದಕ್ಕೆ ಹೇಳುತ್ತೇನೆ. ನನಗೆ ದೊಡ್ಡ ಕಂಪನಿ ಕೊಡುವುದು ಪೀಸ್ ರೇಟ್. ಅದು ಎರಡು ವರ್ಷದಿಂದ ಏರಿಲ್ಲ. ಟೂಲ್, ಕರೆಂಟ್, ಬ್ಯಾಂಕ್ ಕಂತು ಎಲ್ಲಾ ಏರಿದೆ. ಹೊಸ ಹುಡುಗನನ್ನು ತಗೊಂಡು 6 ತಿಂಗಳು ಕಲಿಸಿದೆ. ಆಫ್‌ಸೆಟ್ ತಪ್ಪು ಕೊಟ್ಟು ಸ್ಪಿಂಡಲ್ ಹೊಡೆಸಿದ, ಆ ಖರ್ಚು ನನ್ನ ತಲೆಗೆ. ಕಲಿತ ಮೇಲೆ ಪುಣೆಗೆ ಹೋದ. ನಾನು ಯಾಕೆ ಕಲಿಸಲಿ?

ಗೇಟ್ ಮೀಟಿಂಗ್
ಪುಣೆಯವರು ಜಾಸ್ತಿ ಕೊಟ್ಟರು, ಹೋದ. ನನ್ನ ಮಾತನ್ನೇ ಹೇಳುತ್ತಿದ್ದೀರಿ ಅಣ್ಣಾ.

ಹಳೇ ಪರ್ಸನಲ್ ಡಿಪಾರ್ಟ್‌ಮೆಂಟ್
ಗೇಟ್ ಮೀಟಿಂಗ್ ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ಸಂಬಳ ಸ್ವಲ್ಪ ಏರಿಸಿದ ಕೂಡಲೇ ಜನ ಬಂದರೆ ಅದನ್ನು ರಚನಾತ್ಮಕ ಕೊರತೆ ಅನ್ನಬಾರದು, ಕಡಿಮೆ ಸಂಬಳದ ಹುದ್ದೆ ಅನ್ನಬೇಕು. ಏರಿಸಿದರೂ ಬರುವವನಿಗೆ ಕೆಲಸ ಬರದಿದ್ದರೆ ಮಾತ್ರ ನಿಜವಾದ ಕೊರತೆ. ಆದರೆ ಆ 20 ಜನರಿಗೆ ಇದು ತಾಗಲ್ಲ. ವಿಎಂಸಿಗೆ 25 ಸಾವಿರ ಮಾಡಿದರೂ ಪುಣೆಯಿಂದ ಹುಡುಗ ವಾಪಸ್ ಬರುತ್ತಾನೆ, ಮಾಮಾಗೆ ಕೆಲಸ ಸಿಗಲ್ಲ.

ಗೇಟ್ ಮೀಟಿಂಗ್
ಇನ್ನರ್ಧ ಒಪ್ಪುವವರೆಗೂ ಬಿಡಲ್ಲ ಸರ್.

ಸುಮ್ನೆ ಓದುಗ
ಉದ್ಯಮಬಾಗದಲ್ಲಿ ಮಧ್ಯಾಹ್ನ ಒಳ್ಳೆ ಗಿರಮಿಟ್ ಎಲ್ಲಿ ಸಿಗುತ್ತೆ?

ಬಾಯ್ಲರ್ ಮುಧೋಳ
ಬೆಳಗಾವಿಯಲ್ಲಿ ಗಿರಮಿಟ್ ಹುಡುಕುತ್ತೀಯಾ? ಕುಂದಾ ತಿನ್ನು, ಸುಮ್ನಿರು. ಗಿರಮಿಟ್‌ಗೆ ಈ ಕಡೆ ಬಾ.

ವಡಗಾವಿ ಮಗ್ಗ
ಎಲ್ಲರೂ ಫೌಂಡ್ರಿ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ಓಣಿಯಲ್ಲಿ ಪವರ್‌ಲೂಮ್ ತೂಕಕ್ಕೆ ಹಾಕಿ ಗುಜರಿಗೆ ಮಾರಿದ್ದಾರೆ. ಸೂರತ್ ಸೀರೆ ನಮ್ಮ ಸೀರೆಯ ನೂಲಿನ ಖರ್ಚಿಗಿಂತ ಕಡಿಮೆಗೆ ಬರುತ್ತೆ. ನಮ್ಮ ಮನೆಯವರು ಈಗ ಮದುವೆ ಸೀಸನ್‌ನಲ್ಲಿ ಪೆಂಡಾಲ್ ಕೆಲಸಕ್ಕೆ ಹೋಗುತ್ತಾರೆ, ಉಳಿದ ದಿನ ಮನೆಯಲ್ಲಿ. ನಾನು ಫಾಲ್ ಬೀಡಿಂಗ್ ಮಾಡುತ್ತೇನೆ. ನಾವು ಯಾವ ಲೆಕ್ಕದಲ್ಲಿ ಬರುತ್ತೇವೆ?

ಪಿಡಿಓ ಕನಸು, ವಿಜಯಪುರ
ಅಕ್ಕಾ, ಇದು ನನಗೆ ಸರಿಯಾಗಿ ಗೊತ್ತು, ಓದಿದ್ದೇನೆ. ಸರ್ಕಾರದ ಪಿಎಲ್‌ಎಫ್‌ಎಸ್ ಅನ್ನುವ ಉದ್ಯೋಗ ಸಮೀಕ್ಷೆಯ ಪ್ರಕಾರ ನಿಮ್ಮ ಮನೆಯವರು ನಿರುದ್ಯೋಗಿ ಅಲ್ಲ. ವರ್ಷದಲ್ಲಿ 30 ದಿನ ಅಥವಾ ಜಾಸ್ತಿ ಯಾವುದಾದರೂ ಕೆಲಸ ಮಾಡಿದ್ದರೆ ಸಾಮಾನ್ಯ ಸ್ಥಿತಿಯ ಲೆಕ್ಕದಲ್ಲಿ ಉದ್ಯೋಗಿ. ವಾರದ ಲೆಕ್ಕದಲ್ಲಾದರೆ ಆ ವಾರ 1 ಗಂಟೆ ಕೆಲಸ ಮಾಡಿದರೂ ಸಾಕು. ಬಾಳೆಹಣ್ಣಿನ ಮಾಮಾ ಕೂಡ ಉದ್ಯೋಗಿ, ಸ್ವಂತ ಉದ್ಯೋಗ. 2023-24ರಲ್ಲಿ ದೇಶದ ನಿರುದ್ಯೋಗ 3.2% ಅಂತ ಬಂದದ್ದು ಸಾಮಾನ್ಯ ಸ್ಥಿತಿಯ ಲೆಕ್ಕದಿಂದಲೇ.

ವಡಗಾವಿ ಮಗ್ಗ
ಹಾಗಾದರೆ ನಾವು ಮೂರರಲ್ಲಿ ಒಂದೂ ಅಲ್ಲ. ಚೆನ್ನಾಗಿದೆ.

ಹಳೇ ಪರ್ಸನಲ್ ಡಿಪಾರ್ಟ್‌ಮೆಂಟ್
ಅಕ್ಕಾ, ನಿಮ್ಮ ಮಗ್ಗ ನಿಂತದ್ದು ರಚನಾತ್ಮಕ ಕಾರಣಕ್ಕೇ. ಆದರೆ ನಿರುದ್ಯೋಗ ಭತ್ಯೆ ಇರುವ ದೇಶದಲ್ಲಿ ಮಾತ್ರ ಕೆಲಸ ಹೋದವನು ಮನೆಯಲ್ಲಿ ಕೂತು ಹುಡುಕಬಲ್ಲ. ಇಲ್ಲಿ ಮರುದಿನವೇ ಏನಾದರೂ ಮಾಡಬೇಕು. ಹಾಗಾಗಿ ಪೆಟ್ಟು ಬಿದ್ದದ್ದು ನಿರುದ್ಯೋಗದ ಅಂಕಿಯಲ್ಲಿ ಕಾಣಲ್ಲ, ಗಳಿಕೆ ಕುಸಿದದ್ದರಲ್ಲಿ ಕಾಣುತ್ತದೆ.

ಝೆರಾಕ್ಸ್ ಅಕ್ಕ, ಉದ್ಯಮಬಾಗ
ಆ 29 ಹೊಸ ಹುಡುಗರನ್ನು ಮರೆತೇಬಿಟ್ಟಿರಿ. ಮಗಳು ಅವರ ಬಗ್ಗೆಯೇ ಕೇಳುತ್ತಿದ್ದಾಳೆ. ಮುಂದೆ ಅವಳೂ ಅದೇ ಸಾಲಿಗೆ ತಾನೇ.

ಎರಡು ವಿಎಂಸಿ ಮಾಲೀಕ
ಮೊದಲ ಸಲ ಕೆಲಸ ಹುಡುಕುವುದು ಘರ್ಷಣಾತ್ಮಕ ಅಂತ ನಾನು ಓದಿದ ನೆನಪು.

ಹಳೇ ಪರ್ಸನಲ್ ಡಿಪಾರ್ಟ್‌ಮೆಂಟ್
ಮೊದಲ ಕೆಲವು ತಿಂಗಳು ಹೌದು. ನಮ್ಮ ಯುವನಿಧಿಯನ್ನೇ ನೋಡಿ. ಪಾಸಾಗಿ 180 ದಿನ ಆದರೂ ಕೆಲಸ ಸಿಗದಿದ್ದರೆ ಮಾತ್ರ ಡಿಗ್ರಿಯವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಮೊದಲ ಆರು ತಿಂಗಳು ಹುಡುಕಾಟದ ಕಾಲ, ಆಮೇಲೂ ಸಿಗದಿದ್ದರೆ ಬೇರೇನೋ ಇದೆ ಅಂತ ಆ ನಿಯಮ ಒಪ್ಪಿಕೊಂಡ ಹಾಗೆ ನನಗೆ ಕಾಣುತ್ತದೆ. ಹಾಗೆ ಯೋಚಿಸಿ ಇಟ್ಟರೋ ಇಲ್ಲವೋ, ಗಡಿ ಕೆಟ್ಟದ್ದೇನಲ್ಲ. ಅಕ್ಕಾ, ಆ 29ರಲ್ಲಿ ಎಷ್ಟು ಜನ ಎರಡನೇ ಸಲ ಬಂದಿದ್ದಾರೆ?

ಝೆರಾಕ್ಸ್ ಅಕ್ಕ, ಉದ್ಯಮಬಾಗ
11. ಫೋಟೋ ಹಳೇದೇ ಇರಲಿ ಅಂತಾರೆ, ದಿನಾಂಕ ಮಾತ್ರ ಬದಲಿಸುತ್ತೇನೆ. ಹೆಚ್ಚಿನವರು ಬಿಎ, ಬಿಕಾಂ. ಐಟಿಐ ಹುಡುಗರು ಎರಡನೇ ಸಲ ಬರುವುದು ಕಡಿಮೆ.

ಗೇಟ್ ಮೀಟಿಂಗ್
ಪಿಡಿಓ ತಮ್ಮಾ, ನೀನು ಯಾವುದಪ್ಪಾ? ಎಷ್ಟು ವರ್ಷ ಆಯ್ತು ಓದೋಕೆ ಕೂತು?

ಪಿಡಿಓ ಕನಸು, ವಿಜಯಪುರ
4. ಬೇರೆ ಕೆಲಸ ಬಂದಿತ್ತು ಅಣ್ಣಾ, ಒಂದು ಶೋರೂಮಿನಲ್ಲಿ, 13 ಸಾವಿರ. ಹೋಗಲಿಲ್ಲ. ಹೋದರೆ ಓದೋಕೆ ಆಗಲ್ಲ. ನನ್ನದು ಯಾವ ತರಹ ಅಂತ ನನಗೂ ಗೊತ್ತಿಲ್ಲ. ಘರ್ಷಣಾತ್ಮಕ ಅನ್ನೋಕೆ 4 ವರ್ಷ ಜಾಸ್ತಿ ಆಯ್ತು.

ಗೇಟ್ ಮೀಟಿಂಗ್
ನೀನು ಬೇಕಂತಲೇ ಕಾಯುತ್ತಿದ್ದೀಯ. ಅದು ನಿರುದ್ಯೋಗವೇ ಅಲ್ಲ.

ಹಳೇ ಪರ್ಸನಲ್ ಡಿಪಾರ್ಟ್‌ಮೆಂಟ್
ಅಷ್ಟು ಸುಲಭ ಅಲ್ಲ. 13 ಸಾವಿರಕ್ಕೂ ಸರ್ಕಾರಿ ಸಂಬಳಕ್ಕೂ ಇಷ್ಟು ಅಂತರ ಇದ್ದರೆ ಯಾರಾದರೂ ಸಾಲಿನಲ್ಲಿ ನಿಲ್ಲುತ್ತಾರೆ. ಬೇರೆ ಕೆಲಸ ಹುಡುಕದೆ ಓದುತ್ತಾ ಇದ್ದರೆ ಸಮೀಕ್ಷೆಯವರು ವಿದ್ಯಾರ್ಥಿ ಅಂತಲೂ ಬರೆದುಕೊಳ್ಳಬಹುದು. ಹುಡುಗ ಏನು ಉತ್ತರ ಕೊಡುತ್ತಾನೆ ಅನ್ನುವುದರ ಮೇಲಿದೆ. ನನಗೂ ಇದು ಮೂರರಲ್ಲಿ ಸರಿಯಾಗಿ ಕೂರುತ್ತದೆ ಅನ್ನಿಸಲ್ಲ.

ಬಾಯ್ಲರ್ ಮುಧೋಳ
ಪಾಸಾಗು ತಮ್ಮಾ, ಆಮೇಲೆ ನಮ್ಮೂರಿಗೇ ಬಾ. ಚರಂಡಿ ಮಾಡಿಸು ಮೊದಲು.

ಅನಗೋಳದ ಹುಡುಗ
ಇದನ್ನೆಲ್ಲ ಮಾಮಾಗೆ ಓದಿ ಹೇಳಿದೆ. "ಹಾಗಾದರೆ ನನ್ನ ಬಯೋಡಾಟಾದಲ್ಲಿ ಏನು ಬರೆಸಲಿ?" ಅಂತ ಕೇಳಿದ. ಮೋಲ್ಡರ್ ಅಂತ ಬರೆಸಿದರೆ ಯಾರೂ ನೋಡಲ್ಲ. ಸರ್, ಹೇಳಿ.

ಹಳೇ ಪರ್ಸನಲ್ ಡಿಪಾರ್ಟ್‌ಮೆಂಟ್
ಮೋಲ್ಡಿಂಗ್ ಲೈನ್ ಇರುವ ಕಡೆ ಸ್ಯಾಂಡ್ ಪ್ಲಾಂಟ್ ಇರಲೇಬೇಕು. ಮರಳಿನ ತೇವ, ಬಲ, ಗಾಳಿ ಹಾಯುವ ಗುಣ ಇದನ್ನೆಲ್ಲ ದಿನಕ್ಕೆ ಎಷ್ಟೋ ಸಲ ಟೆಸ್ಟ್ ಮಾಡಿ ಬರೆಯುತ್ತಾರೆ. ಲೈನ್ ವೇಗ ಜಾಸ್ತಿ ಇರುವುದರಿಂದ ಮರಳು ಕೆಟ್ಟರೆ ಒಂದು ಗಂಟೆಯಲ್ಲಿ ನೂರಾರು ಎರಕ ಗುಜರಿ. ಮುಷ್ಟಿಯಲ್ಲಿ ನೋಡುವವನಿಗೆ ಆ ಮೀಟರ್ ಕಲಿಯಲು ಜಾಸ್ತಿ ದಿನ ಬೇಕಾಗಲ್ಲ. ಆದರೆ 20 ಜನರಲ್ಲಿ ಒಬ್ಬಿಬ್ಬರಿಗೆ ಮಾತ್ರ ಇದು ಆಗುವ ಮಾತು, ಅಷ್ಟು ಪ್ಲಾಂಟ್‌ಗಳಿಲ್ಲ. 'ಮೋಲ್ಡರ್' ಬೇಡ, 'ಸ್ಯಾಂಡ್ ಪ್ಲಾಂಟ್, ಮರಳು ಪರೀಕ್ಷೆ, 22 ವರ್ಷ' ಅಂತ ಮೇಲೆ ಬರೆಸಿ.

ಎರಡು ವಿಎಂಸಿ ಮಾಲೀಕ
ನನಗೆ ಎರಕ ಕಳಿಸುವ ಫೌಂಡ್ರಿಯಲ್ಲಿ ಗಾಳಿಗುಳ್ಳೆ ಜಾಸ್ತಿ ಆಗಿದೆ, ದಿನಾ ಜಗಳ. ಅಲ್ಲಿ ಕೇಳಿ ನೋಡುತ್ತೇನೆ. ವಯಸ್ಸು ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ.

ಅನಗೋಳದ ಹುಡುಗ
51.

ಝೆರಾಕ್ಸ್ ಅಕ್ಕ, ಉದ್ಯಮಬಾಗ
ವಯಸ್ಸು ಎರಡನೇ ಪುಟದಲ್ಲಿ ಹಾಕೋಣ. ಮಾಮಾನ ಫೋಟೋ, ಆಧಾರ್, ಹಳೇ ಕಂಪನಿಯ ಇಎಸ್‌ಐ ಕಾರ್ಡ್ ಇದ್ದರೆ ಅದನ್ನೂ ತಗೊಂಡು ಬನ್ನಿ. ಭಾನುವಾರ ಅಂಗಡಿ ಬಂದ್.